ನೋಯದ ಗಾಯ: ಸಕ್ಕರೆ ಕಾಯಿಲೆಯವರ ಪಾದಗಳನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆ

ನಿಮ್ಮಿಬ್ಬರಲ್ಲಿ ಯಾರಿಗಾದರೂ ಮಧುಮೇಹ, ಅಂದರೆ ಸಕ್ಕರೆ ಕಾಯಿಲೆ, ಇದ್ದಲ್ಲಿ ಈ ಲೇಖನವನ್ನು ಗಂಡಹೆಂಡಿರಿಬ್ಬರೂ ಕೂಡಿ ಓದಬೇಕೆಂದು ಕೋರುತ್ತೇನೆ. ಇಲ್ಲಿ ಹೇಳಿರುವ ಕೆಲಸವನ್ನು ರೋಗಿಯು ಒಬ್ಬನೇ ಮಾಡುವುದು ಕಷ್ಟ. ವಯಸ್ಸು 50 ದಾಟಿದ ಹಲವರಿಗೆ ಬಾಗಿ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲು ಆಗುವುದಿಲ್ಲ. ಬಾಗಲು ಸಾಧ್ಯವಾದರೂ ಕಣ್ಣು ಮಂಜಾಗಿರಬಹುದು. ಅವರ ಪಾದವನ್ನು ನೋಡಬೇಕಾದ ಕಣ್ಣುಗಳು ಮನೆಯಲ್ಲಿರುವ ಇನ್ನೊಬ್ಬರವು.

ನಾನು ಚಿಕಿತ್ಸೆ ನೀಡಿದ ಒಬ್ಬ ರೈತರ ವಿಷಯವನ್ನು ಮೊದಲು ಹೇಳುತ್ತೇನೆ. ಅವರಿಗೆ 52 ವರ್ಷ, ಸಕ್ಕರೆ ಕಾಯಿಲೆ ಬಂದು ಸುಮಾರು 9 ವರ್ಷಗಳಾಗಿದ್ದವು. ಒಂದು ಸೋಮವಾರ ಹೊಸ ಚಪ್ಪಲಿ ಮೆಟ್ಟಿ ಸಂತೆಗೆ ನಡೆದು ಹೋಗಿ ಬಂದರು. ಬಲಗಾಲಿನ ಕಿರುಬೆರಳಿನ ಬದಿಯಲ್ಲಿ ಪಟ್ಟಿ ಉಜ್ಜಿ ತೊಗರಿಕಾಳಿನಷ್ಟು ನೀರುಗುಳ್ಳೆ ಎದ್ದಿತು. ಅದು ಎದ್ದುದೇ ಅವರಿಗೆ ತಿಳಿಯಲಿಲ್ಲ. ಮಂಗಳವಾರ ಬೆಳಿಗ್ಗೆ ಚಾಪೆಯ ಮೇಲೆ ಒದ್ದೆಯ ಕಲೆಯನ್ನು ಕಂಡು ಹೆಂಡತಿ ಕೇಳಿದಾಗಲೇ ಗುಳ್ಳೆ ಒಡೆದಿರುವುದು ಗೊತ್ತಾದದ್ದು. ಅರಿಶಿನಕ್ಕೆ ಸುಣ್ಣ ಕಲಸಿ ಹಚ್ಚಿ, ಬಟ್ಟೆ ಸುತ್ತಿಕೊಂಡು, ಅಂದೇ ನಾಟಿಗೆಂದು ಕೆಸರುಗದ್ದೆಗೆ ಇಳಿದರು. ಗುರುವಾರ ಬೆರಳು ಊದಿತು. ಶುಕ್ರವಾರ ಬಟ್ಟೆ ಬಿಚ್ಚಿದಾಗ ವಾಸನೆ ಬಂದಿತು. ನೋವಿಲ್ಲವಲ್ಲ, ನಾಟಿ ಮುಗಿಯಲಿ ಎಂದುಕೊಂಡರು. ಭಾನುವಾರ ಚಳಿಜ್ವರ ಬಂದು, ಪಾದವೆಲ್ಲ ಊದಿ, ಬೆರಳು ಕಪ್ಪಾದ ಮೇಲೆ ಅವರನ್ನು ಆಸ್ಪತ್ರೆಗೆ ಕರೆತಂದರು. ಕಿರುಬೆರಳನ್ನು ತೆಗೆಯಲೇಬೇಕಾಯಿತು, ಆಸ್ಪತ್ರೆಯಲ್ಲಿ 3 ವಾರ ಇರಬೇಕಾಯಿತು. “ನೋವೇ ಇರ್ಲಿಲ್ಲ ಸಾರ್, ನೋವಿದ್ದಿದ್ರೆ ಅವತ್ತೇ ಬರ್ತಿದ್ದೆ” ಎಂದು ಅವರು ನನ್ನೊಡನೆ ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ. ಈ ಕಾಯಿಲೆಯ ಅಪಾಯವಿರುವುದೇ ಅಲ್ಲಿ.

ರಕ್ತದಲ್ಲಿ ಸಕ್ಕರೆಯ ಪ್ರಮಾಣ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಸ್ಪರ್ಶವನ್ನೂ ನೋವನ್ನೂ ತಿಳಿಸುವ ನರಗಳು ಕೆಡುತ್ತವೆ. ಎಲ್ಲಕ್ಕಿಂತ ಉದ್ದವಾದ ನರಗಳು ಕಾಲ್ಬೆರಳುಗಳನ್ನು ಮುಟ್ಟುವಂಥವಾದ್ದರಿಂದ ಜೋಮು ಹಿಡಿಯುವುದು ಮೊದಲು ಅಲ್ಲಿಯೇ. ಹೀಗಾದವರು ಮುಳ್ಳು ಚುಚ್ಚಿದರೂ ಅರಿಯದೆ ನಡೆಯುತ್ತಾರೆ. ಚಪ್ಪಲಿ ಮನೆಯೊಳಗೆ ಕಳಚಿಹೋದರೂ ಅರಿಯದವರನ್ನು ನಾನು ಕಂಡಿದ್ದೇನೆ. ನೆಲದ ಮೇಲೆ ಮಲಗಿದವರ ಬೆರಳನ್ನು ರಾತ್ರಿ ಇಲಿ ಕಡಿದು, ಬೆಳಿಗ್ಗೆ ಹೊದಿಕೆಯ ಮೇಲಿನ ರಕ್ತ ಕಂಡಾಗ ತಿಳಿಯುವುದೂ ಉಂಟು. ಇದರ ಜೊತೆಗೆ ಕಾಲಿಗೆ ಹರಿಯುವ ರಕ್ತನಾಳಗಳು ಕಿರಿದಾಗಿರಬಹುದು, ಬೀಡಿ ಸೇದುವವರಲ್ಲಿ ಇದು ಇನ್ನೂ ಹೆಚ್ಚು. ಸಾಕಷ್ಟು ರಕ್ತ ತಲುಪದ ಗಾಯ ಬೇಗ ಮಾಯುವುದಿಲ್ಲ. ಸಕ್ಕರೆ ಏರಿರುವಾಗ ಕ್ರಿಮಿಗಳನ್ನು ಕೊಲ್ಲುವ ಶಕ್ತಿಯೂ ರಕ್ತದಲ್ಲಿ ಕುಗ್ಗಿರುತ್ತದೆ. ಆದ್ದರಿಂದಲೇ ಬೇರೆಯವರಿಗೆ ನಾಲ್ಕು ದಿನದಲ್ಲಿ ಒಣಗುವ ಗುಳ್ಳೆ ಇವರಲ್ಲಿ ಆರು ದಿನಕ್ಕೆ ಬೆರಳನ್ನೇ ಕೊಳೆಯಿಸಬಲ್ಲದು.

ಪಾದಗಳಲ್ಲಿ ಸ್ಪರ್ಶಜ್ಞಾನ ಉಳಿದಿದೆಯೇ ಎಂಬುದನ್ನು ನೀವು ಮನೆಯಲ್ಲಿಯೇ ಸುಮಾರಾಗಿ ತಿಳಿಯಬಹುದು. ರೋಗಿಯು ಕಾಲು ನೀಡಿ ಮಲಗಿ ಕಣ್ಣು ಮುಚ್ಚಿಕೊಳ್ಳಲಿ. ಇನ್ನೊಬ್ಬರು ತೋರುಬೆರಳಿನ ತುದಿಯಿಂದ ಬಲಗಾಲಿನ ಹೆಬ್ಬೆರಳಿನ ತುದಿಯನ್ನು ಒಂದೆರಡು ಕ್ಷಣ ಮೆಲ್ಲನೆ ಮುಟ್ಟಬೇಕು. ಗರಿ ತಾಕಿದಷ್ಟು ಹಗುರವಾಗಿರಬೇಕು. ಒತ್ತಕೂಡದು, ತಟ್ಟಕೂಡದು, ಗೀರಕೂಡದು. ಮುಟ್ಟಿದ್ದು ತಿಳಿದಾಗ ರೋಗಿ “ಬಲ” ಅಥವಾ “ಎಡ” ಎಂದು ಹೇಳಲಿ. ಬಳಿಕ ಬಲಗಾಲಿನ ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಎಡಗಾಲಿನ ಕಿರುಬೆರಳು, ಕೊನೆಗೆ ಎರಡೂ ಕಾಲುಗಳ ನಡುಬೆರಳು, ಹೀಗೆ ಒಟ್ಟು 6 ಕಡೆ ಮುಟ್ಟಿರಿ. ತಿಳಿಯಲಿಲ್ಲವೆಂದು ಅದೇ ಬೆರಳನ್ನು ಮತ್ತೆ ಮುಟ್ಟಬೇಡಿ. 6 ರಲ್ಲಿ 2 ಅಥವಾ ಅದಕ್ಕಿಂತ ಹೆಚ್ಚು ಕಡೆ ತಿಳಿಯದಿದ್ದರೆ ಆ ಪಾದಗಳನ್ನು ನೋವು ಕಾಯುತ್ತಿಲ್ಲವೆಂದು ತಿಳಿದು, ವೈದ್ಯರಿಗೆ ಅದನ್ನು ತಿಳಿಸಿರಿ. ಎಲ್ಲ ಕಡೆ ತಿಳಿದರೂ ದಿನದ ಪರೀಕ್ಷೆಯನ್ನು ಬಿಡುವಂತಿಲ್ಲ.

ದಿನದ ಪರೀಕ್ಷೆಗೆ ಸಂಜೆಯ ಹೊತ್ತು ಒಳ್ಳೆಯದು. ಹೊಲದಿಂದ ಬಂದು ಕಾಲು ತೊಳೆಯುವುದು ನಮ್ಮಲ್ಲಿ ಹೇಗೂ ಇರುವ ಪದ್ಧತಿ. ನೀರು ಬೆಚ್ಚಗಿದ್ದರೆ ಅದರ ಬಿಸಿಯನ್ನು ಆರೋಗ್ಯವಾಗಿರುವವರು ಮೊಣಕೈ ಅದ್ದಿ ನೋಡಬೇಕು. ಜೋಮು ಹಿಡಿದ ಕಾಲು ಬೆಂದರೂ ತಿಳಿಯದು. ಬೆರಳುಗಳ ಸಂದಿಯನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ಬೆಳಕಿನಲ್ಲಿ ಪಾದದ ಮೇಲ್ಭಾಗ, ಅಂಗಾಲು, ಹಿಮ್ಮಡಿ, ಉಗುರಿನ ಅಂಚು ಮತ್ತು ಪ್ರತಿಯೊಂದು ಬೆರಳ ಸಂದಿಯನ್ನು ಬಿಡಿಸಿ ನೋಡಿರಿ. ಗುಳ್ಳೆ, ಗೀರು, ಒಡೆದ ಹಿಮ್ಮಡಿಯಲ್ಲಿ ರಕ್ತ, ಬೆಳ್ಳಗೆ ನೆನೆದ ಚರ್ಮ, ಆಣಿಯ ಕೆಳಗೆ ಕಪ್ಪು ಕಲೆ ಇವುಗಳನ್ನು ಹುಡುಕಬೇಕು. ನಮ್ಮ ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದು. ಆದ್ದರಿಂದ ಕೈಯ ಹಿಂಭಾಗವನ್ನು ಎರಡೂ ಪಾದಗಳ ಮೇಲಿಟ್ಟು ಹೋಲಿಸಿ ನೋಡಿರಿ. ಒಂದು ಪಾದ ಮಾತ್ರ ಬಿಸಿಯಾಗಿ ಊದಿದ್ದರೆ, ಗಾಯವೇ ಕಾಣದಿದ್ದರೂ ಆ ಕಾಲನ್ನು ಊರಿ ನಡೆಯುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಹೆಂಗಸರಲ್ಲಿ ಕಾಲುಂಗುರದ ಅಡಿಯನ್ನು ನೋಡಲು ಮರೆಯಬಾರದು. ಬಿಗಿಯಾದ ಕಾಲುಂಗುರ ಚರ್ಮವನ್ನು ಕೊಯ್ದಿರುವುದು ಎಷ್ಟೋ ಸಲ ತಡವಾಗಿ ಕಣ್ಣಿಗೆ ಬೀಳುತ್ತದೆ. ಬೆರಳು ಊದಲಾರಂಭಿಸಿದರೆ ಉಂಗುರವನ್ನು ಒಡನೆಯೇ ತೆಗೆಯಬೇಕು. ಮುತ್ತೈದೆಯ ಕಾಲುಂಗುರ ತೆಗೆಯಬಾರದೆಂಬ ಸಂಕೋಚವಿದ್ದಲ್ಲಿ ಗಂಡನೇ ಮುಂದಾಗಿ ತೆಗೆಯಲಿ. ಬೆಳಿಗ್ಗೆ ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ, ಕೆಳಗಿನಿಂದ ಮುಳ್ಳು ಮೊಳೆಗಳು ಹಾಯ್ದಿವೆಯೇ ಎಂದು ನೋಡುವುದೂ ಈ ಪರೀಕ್ಷೆಗೆ ಸೇರಿದ್ದೇ.

ಗುಳ್ಳೆಯೋ ಸಣ್ಣ ಗಾಯವೋ ಕಂಡಿತೆನ್ನೋಣ. ಗುಳ್ಳೆಯನ್ನು ಚುಚ್ಚಬೇಡಿ, ಅದರ ಚರ್ಮವೇ ಅದಕ್ಕೆ ಹೊದಿಕೆ. ಒಡೆದಿದ್ದರೆ ಮೇಲಿನ ಚರ್ಮವನ್ನು ಕಿತ್ತುಹಾಕಬೇಡಿ. ಕೈ ತೊಳೆದುಕೊಂಡು, ಶುದ್ಧವಾದ ನೀರು ಮತ್ತು ಸಾಬೂನಿನಿಂದ ಮೆಲ್ಲಗೆ ತೊಳೆದು, ಒಣಗಿಸಿ, ಔಷಧಿ ಅಂಗಡಿಯಲ್ಲಿ ಸಿಗುವ ಶುದ್ಧವಾದ ಗಾಜ್ ಬಟ್ಟೆಯನ್ನಿಟ್ಟು ಸಡಿಲವಾಗಿ ಕಟ್ಟಿರಿ. ಬೆರಳಿನ ಸುತ್ತ ಬಿಗಿಯಾಗಿ ಸುತ್ತಿದರೆ ಇರುವ ರಕ್ತಚಲನೆಯೂ ನಿಲ್ಲುತ್ತದೆ. ಗಾಯದ ಸುತ್ತ ಕೆಂಪು ಅಥವಾ ಊತ ಕಾಣುತ್ತಿದ್ದರೆ ಅದರ ಅಂಚಿನ ಮೇಲೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಹೊತ್ತನ್ನು ಬರೆದಿಡಿ. ಬಳಿಕ ಆ ಚಪ್ಪಲಿಯನ್ನು ಬದಿಗಿಟ್ಟು, ಆ ಕಾಲಿನ ಮೇಲೆ ಭಾರ ಹಾಕುವುದನ್ನು ಆದಷ್ಟು ನಿಲ್ಲಿಸಿ, 24 ಗಂಟೆಗಳೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿರಿ. ಗಾಯ ಎಷ್ಟೇ ಸಣ್ಣದಾಗಿದ್ದರೂ ಚರ್ಮ ಒಡೆದಿದ್ದರೆ ಈ ಗಡುವು ಮೀರಬಾರದು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದನ್ನೂ ಅಲ್ಲಿ ನಿರ್ಧರಿಸುತ್ತಾರೆ.

ಸುಣ್ಣ, ಬೂದಿ, ಸಗಣಿ, ಹೊಗೆಸೊಪ್ಪಿನ ಪುಡಿ, ಸೀಮೆಎಣ್ಣೆ ಇವುಗಳನ್ನು ಹಚ್ಚಬಾರದು. ಅರಿಶಿನವನ್ನೂ ಹಚ್ಚಬೇಡಿರೆಂದಾಗ ಹಿರಿಯರಿಗೆ ಬೇಸರವಾಗುವುದುಂಟು. ಅರಿಶಿನ ವಿಷವೆಂದು ನಾನು ಹೇಳುತ್ತಿಲ್ಲ. ಆದರೆ ಅಡುಗೆಮನೆಯ ಪುಡಿ ಕ್ರಿಮಿರಹಿತವಲ್ಲ. ಮೇಲಾಗಿ ಅದು ಗಾಯವನ್ನು ಹಳದಿ ಹಕ್ಕಳೆಯಂತೆ ಮುಚ್ಚಿಬಿಡುವುದರಿಂದ ಕೆಳಗೆ ಕೀವು ತುಂಬುತ್ತಿರುವುದು ನಿಮಗೂ ಕಾಣದು, ನಮಗೂ ಕಾಣದು. ಆಣಿ ಕೀಳುವ ಅಂಗಡಿಯ ಪಟ್ಟಿಗಳು ಚರ್ಮವನ್ನೇ ಸುಡುವ ಔಷಧಿಯುಳ್ಳವು. ಸಕ್ಕರೆ ಕಾಯಿಲೆಯವರು ಅವುಗಳನ್ನು ಅಂಟಿಸಿಕೊಳ್ಳಬಾರದು. ಬ್ಲೇಡಿನಿಂದ ಕೊಯ್ದುಕೊಳ್ಳುವುದೂ ಬೇಡ.

ಇನ್ನು 24 ಗಂಟೆಗಳನ್ನೂ ಕಾಯದೆ, ರಾತ್ರಿಯಾಗಿದ್ದರೂ ಹೊರಡಬೇಕಾದ ಸಂದರ್ಭಗಳಿವೆ. ನೀವು ಎಳೆದ ಗೆರೆಯನ್ನು ದಾಟಿ ಕೆಂಪು ಅಥವಾ ಊತ ಹರಡಿದ್ದರೆ, ಅಥವಾ ಅದು ಗಾಯದ ಅಂಚಿನಿಂದ 2 ಸೆಂಟಿಮೀಟರ್, ಅಂದರೆ ಸುಮಾರು ಒಂದು ಬೆರಳಗಲಕ್ಕಿಂತ ಹೆಚ್ಚಿದ್ದರೆ, ಸೋಂಕು ಒಳಗೆ ಇಳಿಯುತ್ತಿದೆ. ಕೀವು, ಕೆಟ್ಟ ವಾಸನೆ, ಚರ್ಮ ಕಪ್ಪಾಗುವುದು ಅಥವಾ ನೀಲಿಗಟ್ಟುವುದು, ಗಾಯದ ತಳದಲ್ಲಿ ಮೂಳೆ ಕಾಣುವುದು, ಪಾದ ಹಠಾತ್ತನೆ ತಣ್ಣಗಾಗಿ ಬಿಳಿಚಿಕೊಳ್ಳುವುದು, ಇವುಗಳಲ್ಲಿ ಒಂದಿದ್ದರೂ ಸಾಕು. ಜ್ವರ, ಚಳಿನಡುಕ, ವಾಂತಿ, ಮಂಪರು ಇದ್ದರೆ ಪ್ರಾಣಕ್ಕೇ ಅಪಾಯ. 108 ಕ್ಕೆ ಕರೆಮಾಡಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಜ್ವರವಿಲ್ಲವೆಂದು ಸಮಾಧಾನಪಡಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಪಾದವೆಲ್ಲ ಕೀವಾಗಿದ್ದರೂ ಜ್ವರ ಬಾರದಿರಬಹುದು. ಎಂದಿನಂತೆ ಮದ್ದು ತೆಗೆದುಕೊಂಡರೂ ಸಕ್ಕರೆ ಕಾರಣವಿಲ್ಲದೆ ಏರುತ್ತಿರುವುದೇ ಕೆಲವೊಮ್ಮೆ ಮೊದಲ ಸೂಚನೆ. ಅದುವರೆಗೆ ಸುಮ್ಮನಿದ್ದ ಕಾಲು ನೋಯಲಾರಂಭಿಸಿದರೂ ಅದನ್ನು ಆಳದ ಸೋಂಕೆಂದೇ ಶಂಕಿಸಬೇಕು. ಈ ಗಲಾಟೆಯಲ್ಲಿ ಇನ್ಸುಲಿನ್ನನ್ನು ನಿಲ್ಲಿಸಿಬಿಡಬೇಡಿ. ಊಟ ಸೇರದಿದ್ದರೆ ಎಷ್ಟು ಪ್ರಮಾಣವೆಂದು ವೈದ್ಯರನ್ನು ಕೇಳಿರಿ.

ಮೇಲೆ ಹೇಳಿದ ರೈತರು ಮಂಗಳವಾರವೇ ಬಂದಿದ್ದರೆ ನಾವು ಗಾಯವನ್ನು ತೊಳೆದು ಕಟ್ಟಿ, ಸಕ್ಕರೆ ಪರೀಕ್ಷಿಸಿ, ಗದ್ದೆಗೆ ಇಳಿಯಬೇಡಿರೆಂದು ಹೇಳಿ ಕಳುಹಿಸುತ್ತಿದ್ದೆವು. ಸೋಂಕಿಲ್ಲದ ಗಾಯಕ್ಕೆ ಮಾತ್ರೆಯೂ ಬೇಕಾಗುತ್ತಿರಲಿಲ್ಲ. ಗುರುವಾರ ಬಂದಿದ್ದರೆ ಸೋಂಕಿನ ಮಾತ್ರೆಗಳಲ್ಲಿ ವಾಸಿಯಾಗುವ ಸಾಧ್ಯತೆ ಇತ್ತು. ಶುಕ್ರವಾರಕ್ಕೆ ಒಳರೋಗಿಯಾಗಿ ದಾಖಲಾಗಬೇಕಾಗುತ್ತಿತ್ತು, ಬಹುಶಃ ಬೆರಳು ಉಳಿಯುತ್ತಿತ್ತು.

ಚಿಕಿತ್ಸೆ ಆರಂಭವಾದ ಮೇಲೆ ಕೆಡುವುದು ಹೆಚ್ಚಾಗಿ ನಡಿಗೆಯಿಂದ. ನೋವಿಲ್ಲದ್ದರಿಂದ ರೋಗಿ ಎದ್ದು ಓಡಾಡುತ್ತಾರೆ, ಪ್ರತಿ ಹೆಜ್ಜೆಗೂ ಗಾಯ ಮತ್ತೆ ಜಜ್ಜಿಹೋಗುತ್ತದೆ. ಆ ದಿನಗಳಲ್ಲಿ ನೀರು ತರುವುದು, ಎಮ್ಮೆ ಕಟ್ಟುವುದು, ಯಾರ ಪಾಲಿನ ಕೆಲಸವಾಗಿದ್ದರೂ ಇನ್ನೊಬ್ಬರು ವಹಿಸಿಕೊಳ್ಳಬೇಕಾಗುತ್ತದೆ. ಹೆಂಡತಿಯ ಕಾಲಿಗೆ ಗಾಯವಾದಾಗ ಇದು ನಡೆಯುವುದು ಅಪರೂಪವೆಂಬುದನ್ನು ಗಂಡಂದಿರಿಗೆ ಹೇಳಲೇಬೇಕಾಗಿದೆ. ಒಲೆಯ ಮುಂದೆ ನಿಂತೇ ಗಾಯ ದೊಡ್ಡದಾದ ತಾಯಂದಿರನ್ನು ನಾನು ನೋಡಿದ್ದೇನೆ. ವಾರಕ್ಕೊಮ್ಮೆ ಗಾಯದ ಉದ್ದಗಲವನ್ನು ಅಳೆದು ಬರೆದಿಡಿ. 4 ವಾರಗಳಲ್ಲಿ ಅದು ಅರ್ಧಕ್ಕಾದರೂ ಇಳಿಯದಿದ್ದರೆ, ಕಾಲಿನ ರಕ್ತಸಂಚಾರವನ್ನು ಪರೀಕ್ಷಿಸಬಲ್ಲ ದೊಡ್ಡ ಆಸ್ಪತ್ರೆಗೆ ಕಳುಹಿಸಿಕೊಡುವಂತೆ ನಿಮ್ಮ ವೈದ್ಯರನ್ನು ಕೇಳಿರಿ. ಮಾಯ್ದ ಜಾಗದಲ್ಲಿಯೇ ಗಾಯ ಮರುಕಳಿಸುವುದು ಹೆಚ್ಚು. ಆ ರೈತರ ಮನೆಯಲ್ಲಿ ಈಗಲೂ ಸಂಜೆ ಕಾಲು ತೊಳೆದ ಮೇಲೆ ಹೆಂಡತಿ ಟಾರ್ಚು ಹಿಡಿದು ಕುಳಿತುಕೊಳ್ಳುತ್ತಾರೆ. ಮೊದಲು ನೋಡುವುದು ಬೆರಳಿಲ್ಲದ ಆ ಬದಿಯನ್ನು.