ತಾರಸಿಯ ಪ್ಯಾರಾಪೆಟ್: ಅಳತೆ ಟೈಲ್ಸ್ ಮೇಲಿಂದ

‘ಪ್ಯಾರಾಪೆಟ್ ಮೂರಡಿ ಕಟ್ಟಿದ್ದೀವಿ ಸಾರ್’ ಎಂದು ಮೇಸ್ತ್ರಿ ಹೇಳುವಾಗ ಅವರ ಅಳತೆ ಸ್ಲ್ಯಾಬಿನಿಂದ ಶುರುವಾಗುತ್ತದೆ. ಮನೆಯವರು ನಿಲ್ಲುವುದು ಮಾತ್ರ ಟೈಲ್ಸ್ ಮೇಲೆ. ನೀರು ಹರಿದುಹೋಗಲು ಹಾಕುವ ಇಳಿಜಾರು ಕಾಂಕ್ರೀಟು ಮೂರು ಇಂಚು, ಗಾರೆ ಮತ್ತು ಟೈಲ್ಸ್ ಎರಡು ಇಂಚು ಎಂದಿಟ್ಟುಕೊಳ್ಳಿ. 36 ಇಂಚಿನ ಗೋಡೆಯಲ್ಲಿ ಉಳಿಯುವುದು 31 ಇಂಚು. ಅದು ದೊಡ್ಡವರ ಸೊಂಟಕ್ಕಿಂತ ಕೆಳಗೆ. ಬಾಗಿ ಕೆಳಗೆ ನೋಡಿದರೆ ಮೈಭಾರ ಆಚೆಗೆ ವಾಲುತ್ತದೆ. ಮುಗಿದ ನೆಲದಿಂದ ಕನಿಷ್ಠ 1 ಮೀಟರ್, ಅಂದರೆ ಸುಮಾರು 40 ಇಂಚು ಬೇಕು. ಹಾಗಾಗಿ ಸ್ಲ್ಯಾಬಿನಿಂದ 45 ಇಂಚು ಏರಿಸಲು ಮೊದಲೇ ಹೇಳಿಬಿಡಿ.

ದಪ್ಪದ ವಿಷಯದಲ್ಲಿ ನಾಲ್ಕಿಂಚಿನ ಬ್ಲಾಕ್ ನನಗೆ ಒಪ್ಪಿಗೆಯಿಲ್ಲ. ಪ್ಯಾರಾಪೆಟ್ಟಿಗೆ ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ. ಬಿಸಿಲಿಗೆ ಹಿಗ್ಗಿ ಕುಗ್ಗಿ ಬುಡದಲ್ಲಿ ಅಡ್ಡ ಬಿರುಕು ಬಿಡುವುದು ಇಂಥ ತೆಳು ಗೋಡೆಯೇ. ಆರಿಂಚಿನ ಸಾಲಿಡ್ ಬ್ಲಾಕ್ ಕಟ್ಟಿ, ಎಂಟು-ಹತ್ತು ಅಡಿಗೊಂದರಂತೆ ಸ್ಲ್ಯಾಬಿನಿಂದ ಕಂಬಿ ಎಬ್ಬಿಸಿ ಪುಟ್ಟ ಕಾಂಕ್ರೀಟು ಕಂಬ ನಿಲ್ಲಿಸಬೇಕು.

ಗೋಡೆಯ ತಲೆ ಮೇಲಿನ ಕೋಪಿಂಗ್ ಅಂದಕ್ಕಷ್ಟೇ ಅಲ್ಲ. ಮೂರಿಂಚು ದಪ್ಪದ ಕಾಂಕ್ರೀಟು, ಒಳಗೆ ಉದ್ದಕ್ಕೆ 8 ಎಂಎಂನ ಎರಡು ಕಂಬಿ, ಅವು ಆ ಪುಟ್ಟ ಕಂಬಗಳ ಕಂಬಿಗೆ ಕಟ್ಟಿರಬೇಕು. ಮೇಲ್ಮೈ ತಾರಸಿಯ ಕಡೆಗೆ ಇಳಿಜಾರಾಗಿರಲಿ. ಎರಡೂ ಬದಿ ಎರಡಿಂಚು ಚಾಚಿ, ಅಂಚಿನ ಅಡಿಯಲ್ಲಿ ಬೆರಳಗಲದ ಗಾಡಿ ಬಿಡಿಸಿ. ಮಳೆನೀರು ಅಲ್ಲೇ ತುಂಡಾಗಿ ತೊಟ್ಟಿಕ್ಕುತ್ತದೆ. ಗಾಡಿ ಇಲ್ಲದ ಮನೆಗಳ ಹೊರಗೋಡೆಯ ಮೇಲೆ ಕಪ್ಪು ಪಟ್ಟಿ ಇಳಿದಿರುವುದನ್ನು ಯಾವ ಬೀದಿಯಲ್ಲಾದರೂ ನೋಡಬಹುದು.

ಈಗಾಗಲೇ ಕಟ್ಟಿದ 31 ಇಂಚಿನ ಗೋಡೆಗೆ ಹತ್ತಿಂಚು ರೇಲಿಂಗ್ ಸೇರಿಸುವವರು ಹೆಚ್ಚು. ಅಪಾಯ ಅಡಗಿರುವುದು ಅಲ್ಲೇ. ರೇಲಿಂಗಿನ ತುದಿಗೆ ಒಬ್ಬರು 40 ಕೆ.ಜಿ. ಬಲದಿಂದ ಒರಗಿದರೆ, ಬೋಲ್ಟುಗಳ ಹಿಡಿತ ಮೂರಿಂಚಿನ ಅಂತರದಲ್ಲಷ್ಟೇ ಇರುವುದರಿಂದ ಒಳಬದಿಯ ಬೋಲ್ಟುಗಳನ್ನು ಮೇಲಕ್ಕೆ ಕೀಳುವ ಬಲ ಸುಮಾರು 130 ಕೆ.ಜಿ. ಆಗುತ್ತದೆ. ಕಂಬಿಯಿಲ್ಲದೆ ಬರೀ ಗಾರೆ ಬಳಿದ ಕೋಪಿಂಗ್ ಇದನ್ನು ತಡೆಯದೆ ಚಕ್ಕೆ ಎದ್ದುಬಿಡುತ್ತದೆ. ಆಂಕರ್ ಬೋಲ್ಟ್ ಬಿಗಿದಷ್ಟೂ ಸುತ್ತಲಿನ ಕಾಂಕ್ರೀಟನ್ನು ಹೊರಕ್ಕೆ ಒತ್ತುತ್ತದೆ. ಅಂಚಿನಿಂದ ಒಂದಿಂಚಿನಲ್ಲಿ ತೂತು ಕೊರೆದರೆ ಬಿಗಿಯುವಾಗಲೇ ಸೀಳುತ್ತದೆ. ತೂತಿನಲ್ಲಿ ಇಳಿದ ನೀರು ಕಂಬಿಗೆ ತುಕ್ಕು ಹಿಡಿಸುವುದು ಮುಂದಿನ ಕಥೆ.

ಕೋಪಿಂಗ್ ಹಾಕುವ ಮೊದಲೇ ಕಾಲು ಬೆಸೆದ ಕಬ್ಬಿಣದ ಪ್ಲೇಟನ್ನು ಅದರ ಕಂಬಿಗೆ ಕಟ್ಟಿ ಕಾಂಕ್ರೀಟು ಸುರಿದು, ರೇಲಿಂಗ್ ಕಂಬವನ್ನು ಆಮೇಲೆ ಅದಕ್ಕೆ ವೆಲ್ಡ್ ಮಾಡಿಸುವುದು ನಂಬಬಹುದಾದ ದಾರಿ. ಹಳೆಯ ಮನೆಯಾದರೆ ಆ ಪುಟ್ಟ ಕಾಂಕ್ರೀಟು ಕಂಬಗಳಿರುವ ಜಾಗದಲ್ಲೇ, ಗೋಡೆಯ ಒಳಮೈಗೆ ಕೆಮಿಕಲ್ ಆಂಕರ್‌ನಿಂದ ಬಿಗಿಯಿಸಿ. ಮಕ್ಕಳಿರುವ ಮನೆಯಲ್ಲಿ ಅಡ್ಡ ಪೈಪು ಬೇಡ, ಅವರಿಗೆ ಅದೇ ಏಣಿ. ನಿಲುವು ಸರಳುಗಳ ನಡುವೆ ನಾಲ್ಕಿಂಚು ಮೀರದಿರಲಿ.

ಫ್ಯಾಬ್ರಿಕೇಟರಿಗೆ ಬಾಕಿ ಹಣ ಕೊಡುವ ಮುನ್ನ ಪ್ರತಿ ಕಂಬವನ್ನೂ ತಾರಸಿಯ ಒಳಗೆ ನಿಂತು, ನಿಮ್ಮ ಕಡೆಗೇ ಜಗ್ಗಿ ನೋಡಿ. ಅಲುಗಿದರೆ, ಬುಡದಲ್ಲಿ ಕೂದಲೆಳೆಯ ಬಿರುಕು ಕಂಡರೆ ಬಿಚ್ಚಿಸಿ ಮತ್ತೆ ಹಾಕಿಸಿ.