ಸೋಲಾರ್ ಬಿಸಿನೀರು ದಾರಿಯಲ್ಲೇ ಆರುವುದೇಕೆ?

ತಾರಸಿಯ ಮೇಲೆ ಸೋಲಾರ್ ಇರುವ ಮನೆಗಳಲ್ಲಿ ಒಂದು ದೂರು ಸದಾ ಇದ್ದದ್ದೇ. ಮೇಲಿನ ಟ್ಯಾಂಕಿನಲ್ಲಿ ನೀರು ಕೈ ಸುಡುವಷ್ಟು ಕಾದಿರುತ್ತದೆ, ಕೆಳಮನೆಯ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿದರೆ ಅರ್ಧ ಬಕೆಟ್ ತಣ್ಣೀರು ಬಂದ ಮೇಲೆಯೇ ಬಿಸಿನೀರಿನ ದರ್ಶನ. ಪೈಪಿಗೆ ಇನ್ಸುಲೇಶನ್ ಹಾಕಿಸಿ, ಸರಿಹೋಗುತ್ತದೆ ಎನ್ನುತ್ತಾರೆ ಪ್ಲಂಬರ್. ಹಾಕಿಸಿದ ಮರುದಿನ ಮೊದಲು ಸ್ನಾನಕ್ಕೆ ಹೋದವರಿಗೆ ಮತ್ತೆ ಅದೇ ತಣ್ಣೀರು. ದುಡ್ಡು ದಂಡವಾಯಿತು ಎಂದು ಬೇಸರಿಸಿಕೊಳ್ಳುವ ಮೊದಲು, ಈ ಹೊದಿಕೆ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಯಾವ ಹೊದಿಕೆಯೂ ಶಾಖವನ್ನು ಪೂರ್ತಿ ಕಟ್ಟಿಹಾಕಲಾರದು, ಅದು ಹೊರಟುಹೋಗುವ ವೇಗವನ್ನು ಮಾತ್ರ ಕಡಿಮೆ ಮಾಡುತ್ತದೆ. ಹಾಗಾಗಿ ನೀರು ಎಷ್ಟು ಹೊತ್ತು ನಿಂತಿರುತ್ತದೆ ಎಂಬುದರ ಮೇಲೆ ಅದರ ಪ್ರಯೋಜನ ನಿಂತಿದೆ.

ಪೈಪಿನಲ್ಲಿ ಉಳಿದ ನಾಲ್ಕು ಲೀಟರ್

ಒಂದು ಅಂತಸ್ತಿನ ಮೇಲೆ ಇನ್ನೊಂದು ಅಂತಸ್ತು ಇರುವ ಸಾಮಾನ್ಯ ಮನೆಯನ್ನು ತೆಗೆದುಕೊಳ್ಳೋಣ. ಸೋಲಾರ್ ಟ್ಯಾಂಕಿನಿಂದ ಕೆಳಗಿನ ಬಚ್ಚಲಿನವರೆಗೆ 15 ಮೀಟರ್ ಪೈಪು. ಅದು ಮುಕ್ಕಾಲು ಇಂಚಿನ ಸಿಪಿವಿಸಿ ಆಗಿದ್ದರೆ ಒಂದು ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತದೆ. ಅಂದರೆ 15 ಮೀಟರಿಗೆ ಹತ್ತಿರ ಹತ್ತಿರ ನಾಲ್ಕು ಲೀಟರ್. ನಲ್ಲಿ ನಿಲ್ಲಿಸಿದೊಡನೆ ಈ ನಾಲ್ಕು ಲೀಟರ್ ಬಿಸಿನೀರು ಪೈಪಿನಲ್ಲೇ ಉಳಿದು ಆರತೊಡಗುತ್ತದೆ.

ನಲ್ಲಿ ಹರಿಯುತ್ತಿರುವಾಗ ದಾರಿಯಲ್ಲಿ ಆಗುವ ನಷ್ಟ ಬಹಳ ಸಣ್ಣದು. ನಿಮಿಷಕ್ಕೆ ಆರು ಲೀಟರ್ ಹರಿಯುತ್ತಿದ್ದರೆ, ಹೊದಿಕೆಯೇ ಇಲ್ಲದ ಪೈಪಿನಲ್ಲೂ 60 ಡಿಗ್ರಿಯ ನೀರು ಕೆಳಗೆ ಬರುವಷ್ಟರಲ್ಲಿ ಸುಮಾರು ಒಂದು ಡಿಗ್ರಿ ಆರಬಹುದು. ಗಾಳಿಗೆ ಮೈಯೊಡ್ಡಿದ ಜಿ.ಐ. ಪೈಪಾದರೆ ಎರಡು ಡಿಗ್ರಿ ಎನ್ನಿ. ನಿಂತ ನೀರಿನ ಕಥೆಯೇ ಬೇರೆ. ಹೊರಗೆ 20 ಡಿಗ್ರಿ ಇರುವ ಬೆಂಗಳೂರಿನ ಬೆಳಗಿನ ಲೆಕ್ಕ ಹಾಕಿದರೆ, ಬರಿಯ ಪೈಪಿನಲ್ಲಿ ನಿಂತ 60 ಡಿಗ್ರಿಯ ನೀರು ಅರ್ಧ ಗಂಟೆಯಲ್ಲಿ 37ಕ್ಕೂ ಒಂದು ಗಂಟೆಯಲ್ಲಿ 28ಕ್ಕೂ ಇಳಿಯುತ್ತದೆ. ಗಾಳಿ ಬೀಸಿದರೆ ಇನ್ನೂ ಬೇಗ. ಅದೇ ಪೈಪಿಗೆ 13 ಮಿಲಿಮೀಟರ್ ದಪ್ಪದ ರಬ್ಬರ್ ಫೋಮ್ ಹಾಕಿದ್ದರೆ ಅರ್ಧ ಗಂಟೆಯ ನಂತರ 49, ಒಂದು ಗಂಟೆಯ ನಂತರ 41 ಡಿಗ್ರಿ.

ಸ್ನಾನಕ್ಕೆ 40 ಡಿಗ್ರಿಯ ನೀರು ಸಾಕು. ಮನೆಯ ನಾಲ್ವರು ಬೆಳಿಗ್ಗೆ ಒಂದೊಂದು ಗಂಟೆ ಬಿಟ್ಟು ಸ್ನಾನ ಮಾಡುತ್ತಾರೆ ಎಂದುಕೊಳ್ಳಿ. ಹೊದಿಕೆ ಇಲ್ಲದಿದ್ದರೆ ಎರಡನೆಯವರು, ಮೂರನೆಯವರು, ನಾಲ್ಕನೆಯವರು ಮೂವರೂ ಆರಿದ ನಾಲ್ಕು ನಾಲ್ಕು ಲೀಟರನ್ನು ಚೆಲ್ಲಬೇಕು. ಹೊದಿಕೆ ಇದ್ದರೆ ಆ ನೀರನ್ನೇ ಬಳಸಬಹುದು. ದಿನಕ್ಕೆ 12 ಲೀಟರ್ ನೀರು, ಅದನ್ನು ಕಾಯಿಸಲು ಬೇಕಾದ ಸುಮಾರು ಅರ್ಧ ಯೂನಿಟ್ ಶಾಖ ಎರಡೂ ಉಳಿಯುತ್ತವೆ. ವರ್ಷಕ್ಕೆ ನೀರೇ ನಾಲ್ಕು ಸಾವಿರ ಲೀಟರಿಗಿಂತ ಹೆಚ್ಚು.

ಮೊದಲನೆಯವರ ಪಾಡೇನು? ಹಿಂದಿನ ರಾತ್ರಿ ನಿಂತ ನೀರು ಎಂಟು ಹತ್ತು ಗಂಟೆಯಲ್ಲಿ ಎಷ್ಟು ದಪ್ಪ ಹೊದಿಕೆಯೊಳಗಿದ್ದರೂ ಆರಿಯೇ ಆರುತ್ತದೆ. ಅದಕ್ಕೆ ಮದ್ದು ಪೈಪು ಚಿಕ್ಕದಾಗಿರುವುದು. ಮನೆ ಕಟ್ಟುವಾಗಲೇ ಬಚ್ಚಲುಗಳನ್ನು ಒಂದರ ಮೇಲೊಂದು ಇಟ್ಟು, ಸೋಲಾರನ್ನು ಅವುಗಳ ನೆತ್ತಿಯ ಮೇಲೇ ಕೂರಿಸಿದರೆ ಪೈಪಿನ ಉದ್ದ ಅರ್ಧವಾಗುತ್ತದೆ. ಒತ್ತಡ ಸಾಕಷ್ಟಿದೆ ಎಂದಾದರೆ ಕೊನೆಯ ತುಂಡಿಗೆ ಅರ್ಧ ಇಂಚಿನ ಪೈಪು ಹಾಕಿಸಬಹುದು. ಅದು ಮುಕ್ಕಾಲು ಇಂಚಿನದರ ಅರ್ಧದಷ್ಟು ನೀರನ್ನೂ ಹಿಡಿಯುವುದಿಲ್ಲ. ಮೊದಲು ಬರುವ ತಣ್ಣೀರನ್ನು ಬಕೆಟಿಗೆ ಹಿಡಿದು ಬಟ್ಟೆ ನೆನೆಸಲು ಬಳಸುವ ಮನೆಗಳೂ ಬೇಕಾದಷ್ಟಿವೆ.

ಬಕೆಟ್ ಹಿಡಿದು ಪರೀಕ್ಷೆ

ಖರ್ಚು ಮಾಡುವ ಮುಂಚೆ ರೋಗ ಯಾವುದೆಂದು ಮನೆಯಲ್ಲೇ ಕಂಡುಕೊಳ್ಳಬಹುದು. ಬೆಳಿಗ್ಗೆ ಮೊದಲ ಬಾರಿ ಬಿಸಿನೀರಿನ ನಲ್ಲಿ ತಿರುಗಿಸಿ, ಬಿಸಿ ಬರುವವರೆಗೆ ಬಂದ ನೀರನ್ನು ಬಕೆಟಿಗೆ ಹಿಡಿದು ಅಳೆಯಿರಿ. 15 ಮೀಟರಿನ ಮುಕ್ಕಾಲು ಇಂಚಿನ ಪೈಪಿಗೆ ನಾಲ್ಕರಿಂದ ಆರು ಲೀಟರ್ ಬಂದರೆ ಸಹಜ, ಪೈಪಿನ ಮೈಯೂ ಕಾಯಬೇಕಲ್ಲ. ಹತ್ತು ಲೀಟರ್ ಬಂದರೂ ನೀರು ಉಗುರುಬೆಚ್ಚಗೇ ಇದ್ದರೆ ಅದು ಹೊದಿಕೆಯಿಂದ ಹೋಗುವ ರೋಗವಲ್ಲ. ಎಲ್ಲೋ ಒಂದು ಮಿಕ್ಸರ್ ನಲ್ಲಿಯ ಒಳಗೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿರಬಹುದು. ಅದನ್ನು ಪ್ಲಂಬರ್ ನೋಡಬೇಕು.

ಬಿಸಿ ಬಂದ ಮೇಲೆ ನಲ್ಲಿ ನಿಲ್ಲಿಸಿ, ಒಂದು ಗಂಟೆ ಬಿಟ್ಟು ಮತ್ತೆ ತಿರುಗಿಸಿ. ಬಂದ ಮೊದಲ ನಾಲ್ಕು ಲೀಟರ್ ತಣ್ಣಗಿದ್ದರೆ ಹೊದಿಕೆಗೆ ಕೆಲಸವಿದೆ ಎಂದು ಅರ್ಥ.

ಇನ್ನೊಂದು ಪರೀಕ್ಷೆ ರಾತ್ರಿಯದು. ಯಾರೂ ನೀರು ಬಳಸದ ಹೊತ್ತಿನಲ್ಲಿ ತಾರಸಿಗೆ ಹೋಗಿ, ಸೋಲಾರ್ ಟ್ಯಾಂಕಿನಿಂದ ಹೊರಡುವ ಪೈಪನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಟ್ಯಾಂಕಿನಿಂದ ಒಂದೆರಡು ಮೀಟರ್ ದೂರದಲ್ಲೂ ಅದು ಬಿಸಿಯಾಗಿದ್ದರೆ, ಒಳಗಿನ ಬಿಸಿನೀರು ತಾನಾಗಿ ಪೈಪಿಗೆ ಏರಿ, ಆರಿದ್ದು ಕೆಳಗಿಳಿದು ಸುತ್ತುತ್ತಿದೆ. ಪೈಪು ಟ್ಯಾಂಕಿನಿಂದ ಹೊರಟೊಡನೆ ಮೇಲಕ್ಕೆ ಹೋಗಿರುವ ಕಡೆ ಹೀಗಾಗುವುದು ಹೆಚ್ಚು. ಎರಡು ಮೀಟರ್ ಬರಿಯ ಪೈಪು ಇಡೀ ರಾತ್ರಿ ಹೀಗೆ ಬಿಸಿಯಾಗಿದ್ದರೆ ಸುಮಾರು ಅರ್ಧ ಯೂನಿಟ್ ಶಾಖ ಗಾಳಿಗೆ ಹೋಗುತ್ತದೆ. ಹಾಗಾಗಿ ಹೊದಿಕೆ ಹಾಕುವುದಾದರೆ ಟ್ಯಾಂಕಿನ ಬುಡದಿಂದಲೇ ಶುರುಮಾಡಬೇಕು.

ಯಾವುದು, ಎಷ್ಟು ದಪ್ಪ, ಹೇಗೆ

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ: ಅಗ್ಗದ ಪಾಲಿಥಿನ್ ಫೋಮ್ ಕೊಳವೆ, ಮತ್ತು ಕಪ್ಪಗಿರುವ ನೈಟ್ರೈಲ್ ರಬ್ಬರ್ ಫೋಮ್. ಬಿಸಿನೀರಿಗೆ ಎರಡನೆಯದು ವಾಸಿ. ದಪ್ಪ ಹೆಚ್ಚಿದಷ್ಟೂ ಲಾಭ ಹೆಚ್ಚಬೇಕೆಂದಿಲ್ಲ. ಮೇಲಿನ ಲೆಕ್ಕದಲ್ಲೇ, ಒಂದು ಗಂಟೆ ನಿಂತ ನೀರು 9 ಮಿಲಿಮೀಟರ್ ಹೊದಿಕೆಯಲ್ಲಿ 38 ಡಿಗ್ರಿಯ ಆಸುಪಾಸು, 13ರಲ್ಲಿ 41, 19ರಲ್ಲಿ 43 ಇರುತ್ತದೆ. ಮನೆಗೆ 13 ಸಾಕು.

ಕೊಳವೆ ಕೊಳ್ಳುವಾಗ ಬರೀ ಮುಕ್ಕಾಲು ಇಂಚು ಎಂದರೆ ಎಡವಟ್ಟಾಗುತ್ತದೆ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಹೊರ ಅಳತೆ 22 ಮಿಲಿಮೀಟರ್, ಜಿ.ಐ. ಪೈಪಿನದು 27. ದಾರ ಸುತ್ತಿ ಅಳೆದರೆ ಮೊದಲನೆಯದಕ್ಕೆ ಏಳು ಸೆಂಟಿಮೀಟರ್, ಎರಡನೆಯದಕ್ಕೆ ಎಂಟೂವರೆ ಬರುತ್ತದೆ. ಆ ಅಳತೆ ಹೇಳಿಯೇ ತರಬೇಕು. ಸಡಿಲವಾದರೆ ಸಂದಿಯಲ್ಲಿ ಗಾಳಿ ಆಡುತ್ತದೆ, ಬಿಗಿಯಾದರೆ ಸೀಳು ಕೂಡುವುದೇ ಇಲ್ಲ.

ಹೊದಿಸುವ ಮೊದಲು ಪೈಪಿನಲ್ಲಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಮುಚ್ಚಿದ ಮೇಲೆ ಹನಿಯುವ ಜಾಗ ಕಾಣುವುದಿಲ್ಲ. ಸೀಳು ಕೆಳಮುಖವಾಗಿರಲಿ, ಮಳೆನೀರು ಒಳಗಿಳಿಯುವುದಿಲ್ಲ. ತುಂಡಿಗೆ ತುಂಡು ಸೇರುವಲ್ಲಿ ತುಸು ಒತ್ತಿ ಕೂರಿಸಬೇಕು. ಕಾಲಕ್ರಮದಲ್ಲಿ ಫೋಮ್ ಕುಗ್ಗಿದರೂ ಆಗ ನಡುವೆ ಬಿರುಕು ಬಿಡದು. ಅಂಟನ್ನು ಫೋಮಿನ ಅಂಚುಗಳಿಗೆ ಮಾತ್ರ ಹಚ್ಚಿ, ಸಿಪಿವಿಸಿಗೆ ತಾಗಿಸಬೇಡಿ. ಕೆಲವು ಅಂಟುಗಳಿಂದ ಆ ಪೈಪು ಸೀಳುತ್ತದೆ. ಮೊಣಕೈ ತಿರುವುಗಳಲ್ಲಿ ಕೊಳವೆಯನ್ನು ಓರೆಯಾಗಿ ಕತ್ತರಿಸಿ ಜೋಡಿಸಬೇಕು.

ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದು ಇದಾದ ಮೇಲೆ. ಕಪ್ಪು ಫೋಮ್ ಬಿಸಿಲಿಗೆ ಬಿದ್ದರೆ ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟು ಪುಡಿಯುದುರುತ್ತದೆ. ತಾರಸಿಯ ಮೇಲಿನ ಉದ್ದಕ್ಕೆ ಅಲ್ಯೂಮಿನಿಯಂ ತಗಡು ಸುತ್ತಿಸಿ, ಇಲ್ಲವೇ ಹೊರಗೊಂದು ದೊಡ್ಡ ಪಿವಿಸಿ ಪೈಪು ತೊಡಿಸಿ. ಈ ಕವಚವಿಲ್ಲದಿದ್ದರೆ ಹೊದಿಕೆ ಹಾಕಿಸಿದ್ದು ಬೂದಿಯಲ್ಲಿ ಹೋಮ ಮಾಡಿದಂತೆ. ಗೋಡೆಯೊಳಗೆ ಹೂತ ಪೈಪಿಗೆ ಈಗ ಏನೂ ಮಾಡಲಾಗದು. ಹೊಸ ಮನೆಯಾದರೆ ಪ್ಲಾಸ್ಟರಿಗೆ ಮುಂಚೆಯೇ ಮೇಸ್ತ್ರಿಗೆ ಹೇಳಿ, ಹೊದಿಕೆ ಸೇರಿ ಪೈಪು ಕೂರುವಷ್ಟು ಅಗಲ ಗೋಡೆ ಕೊರೆಸಿಕೊಳ್ಳಬೇಕು.

ತಣ್ಣೀರಿನ ಟ್ಯಾಂಕ್ ಕುದಿಯುವ ಊರುಗಳಲ್ಲಿ

ಕಲಬುರಗಿ, ರಾಯಚೂರಿನ ಕಡೆ ತೊಂದರೆ ತಿರುವುಮುರುವು. ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ತಣ್ಣೀರಿನ ನಲ್ಲಿಯಲ್ಲಿ ಕೈಯಿಡಲಾಗದ ನೀರು. ಕಪ್ಪು ಟ್ಯಾಂಕಿಗೆ ಥರ್ಮೋಕೋಲ್ ಸುತ್ತಿದರೆ ಶಾಖ ಒಳಗೆ ಹೋಗುವುದು ನಿಧಾನವಾಗುತ್ತದೆ ನಿಜ, ಆದರೆ ರಾತ್ರಿ ಹೊರಬರುವುದೂ ಅಷ್ಟೇ ನಿಧಾನವಾಗುತ್ತದೆ. ಇಲ್ಲಿ ನೀರು ಕಾಯಿಸುತ್ತಿರುವುದು ಹೆಚ್ಚಾಗಿ ನೇರ ಬಿಸಿಲು. ಆದ್ದರಿಂದ ನೆರಳೇ ಮೊದಲ ಮದ್ದು. ಟ್ಯಾಂಕಿಗೆ ತಾಗದಂತೆ, ನಡುವೆ ಗಾಳಿಯಾಡುವಂತೆ ಮೇಲೂ ಪಶ್ಚಿಮಕ್ಕೂ ಹಸಿರು ನೆರಳುಬಲೆ ಇಲ್ಲವೇ ಗರಿಯ ಚಪ್ಪರ ಹಾಕಿ. ಒಣ ಗಾಳಿಯ ಈ ಸೀಮೆಯಲ್ಲಿ ಒದ್ದೆ ಗೋಣಿತಾಟು ಸುತ್ತುವ ಉಪಾಯವೂ ಕೆಲಸ ಮಾಡುತ್ತದೆ, ಆದರೆ ದಿನವೂ ನೆನೆಸುವ ನೀರು ಬೇಕು. ಮುಚ್ಚಳ, ಗಾಳಿಯ ತೂತು, ಓವರ್‌ಫ್ಲೋ ಪೈಪುಗಳನ್ನು ಮುಚ್ಚಬಾರದು.

ಟ್ಯಾಂಕನ್ನು ಬೆಳಿಗ್ಗೆಯೇ ತುಂಬಿಸಿಡುವುದು ಕಾಸಿಲ್ಲದ ಉಪಾಯ. ಸಾವಿರ ಲೀಟರ್ ನೀರು ಒಂದು ಡಿಗ್ರಿ ಏರಲು 1.16 ಯೂನಿಟ್ ಶಾಖ ಬೇಕು, ತಳದಲ್ಲಿ ಉಳಿದ 250 ಲೀಟರಿಗೆ ಅದರ ಕಾಲುಭಾಗ ಸಾಕು. ಹಾಗಾಗಿ ಖಾಲಿಯಾಗುತ್ತಿರುವ ಟ್ಯಾಂಕು ಬೇಗ ಕಾಯುತ್ತದೆ. ತಾರಸಿಯ ಮೇಲೆ ಹರಡಿದ ತಣ್ಣೀರಿನ ಪೈಪಿನಲ್ಲಿ ನೀರು ಇನ್ನೂ ಕಡಿಮೆ, ಅದು ಎಲ್ಲಕ್ಕಿಂತ ಮೊದಲು ಕಾಯುತ್ತದೆ. ಅದಕ್ಕೆ ಫೋಮಿನ ಮೇಲೆ ಬಿಳಿ ಇಲ್ಲವೇ ಹೊಳೆಯುವ ಕವಚ ಬೇಕು.

ಹೆಪ್ಪುಗಟ್ಟುವ ಊರುಗಳಲ್ಲಿ

ನಮ್ಮಲ್ಲಿ ಪೈಪು ಹೆಪ್ಪುಗಟ್ಟುವ ಭಯವಿಲ್ಲ. ಲಡಾಖಿನ ಲೇಹ್‌ನಂಥ ಊರಿನಲ್ಲಿ ಅದೇ ದೊಡ್ಡ ಭಯ. ನೀರು ಮಂಜುಗಡ್ಡೆಯಾಗುವಾಗ ಶೇ 9ರಷ್ಟು ಹಿಗ್ಗಿ ಪೈಪನ್ನು ಒಡೆಯುತ್ತದೆ. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದರೆ, ಬರಿಯ ಮುಕ್ಕಾಲು ಇಂಚಿನ ಪೈಪಿನಲ್ಲಿ ನಿಂತ ನೀರು ನಾಲ್ಕೈದು ಗಂಟೆಯಲ್ಲಿ ಪೂರ್ತಿ ಗಟ್ಟಿಯಾಗುತ್ತದೆ. 13 ಮಿಲಿಮೀಟರ್ ಹೊದಿಕೆ ಅದನ್ನು ಹನ್ನೊಂದು ಗಂಟೆಯವರೆಗೆ ಮುಂದೂಡೀತು. ಆದರೆ ಅಲ್ಲಿನ ಚಳಿಗಾಲದ ರಾತ್ರಿ ಅದಕ್ಕಿಂತ ಉದ್ದ. ಆದ್ದರಿಂದ ಅಲ್ಲಿ ಹೊದಿಕೆಯೊಂದನ್ನೇ ನಂಬದೆ ರಾತ್ರಿ ಪೈಪು ಬರಿದುಮಾಡಬೇಕು, ಇಲ್ಲವೇ ಅದನ್ನು ನೆಲದಾಳದಲ್ಲಿ ಹೂಳಬೇಕು.

ನಮ್ಮ ಮನೆಗಳ ಮಟ್ಟಿಗೆ ತೀರ್ಮಾನ ಸರಳ. ಬೆಳಿಗ್ಗೆ ಒಬ್ಬರೇ ಸ್ನಾನ ಮಾಡುವ ಮನೆಗೆ ಪೈಪಿನ ಹೊದಿಕೆಯಿಂದ ಹೆಚ್ಚು ಲಾಭವಿಲ್ಲ, ಟ್ಯಾಂಕಿನ ಬುಡದ ಒಂದೆರಡು ಮೀಟರ್ ಸಾಕು. ನಾಲ್ಕಾರು ಜನ ಒಬ್ಬರ ಹಿಂದೊಬ್ಬರು ಬಚ್ಚಲಿಗೆ ಹೋಗುವ ಮನೆಯಾದರೆ ಕಾಣುವ ಪೈಪಿಗೆಲ್ಲ ಹೊದಿಕೆ ಹಾಕಿಸಿ, ಮೇಲೆ ತಗಡಿನ ಕವಚ ಬಿಡಬೇಡಿ. ಪ್ಲಂಬರನ್ನು ಕರೆಸುವ ಮುಂಚೆ ನಾಳೆ ಬೆಳಿಗ್ಗೆ ಆ ಬಕೆಟ್ ಪರೀಕ್ಷೆ ಮಾಡಿ ನೋಡಿ.