ಪದವಿ ಒಂದು, ತೂಕ ಇನ್ನೊಂದು: ಜರ್ಮನಿಯಲ್ಲಿ ನಮ್ಮ ನರ್ಸಿಂಗ್ ಶಿಕ್ಷಣ

ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡು, ನಾಲ್ಕಾರು ವರ್ಷ ಆಸ್ಪತ್ರೆಯಲ್ಲಿ ದುಡಿದವರೂ ಜರ್ಮನಿಗೆ ಹೋಗಿ ಇಳಿದ ದಿನ ಅಲ್ಲಿನ ಕಾನೂನಿನ ಪ್ರಕಾರ ನರ್ಸ್ ಅಲ್ಲ. ಅಲ್ಲಿನ ಸರ್ಕಾರಿ ಕಚೇರಿಯೊಂದು ಅವರ ಶಿಕ್ಷಣವನ್ನು ಜರ್ಮನ್ ನರ್ಸ್ ಶಿಕ್ಷಣದೊಂದಿಗೆ ಹೋಲಿಸಿ ಎರಡೂ ಸಮ ಎಂದು ಒಪ್ಪುವವರೆಗೆ ಅವರು ಸಹಾಯಕರಾಗಿ ಕೆಲಸ ಮಾಡಬಹುದು, ಸಹಾಯಕರ ಸಂಬಳ ಪಡೆಯಬಹುದು, ಅಷ್ಟೆ. ಈ ಹೋಲಿಕೆ, ಅದರ ಮೇಲೆ ಬರುವ ತೀರ್ಪು, ಆಮೇಲಿನ ಪರೀಕ್ಷೆ ಅಥವಾ ತರಬೇತಿ ಎಲ್ಲವನ್ನೂ ಒಟ್ಟಾಗಿ ಜರ್ಮನರು ‘ಅನರ್ಕೆನುಂಗ್’, ಅಂದರೆ ಮಾನ್ಯತೆ, ಎನ್ನುತ್ತಾರೆ. ಇದನ್ನು ಹೊರದೇಶದವರ ಹಕ್ಕಾಗಿಸಿದ ಕಾನೂನು 2012ರ ಏಪ್ರಿಲ್ 1ರಂದು ಜಾರಿಗೆ ಬಂತು. ಪೌರತ್ವ ಯಾವುದೇ ಇರಲಿ, ತಮ್ಮ ದೇಶದಲ್ಲಿ ಶಿಕ್ಷಣ ಪೂರೈಸಿದವರು ಅರ್ಜಿ ಹಾಕಬಹುದು.

ಎಲ್ಲ ಪದವೀಧರರಿಗೂ ಇದೇ ದಾರಿಯಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿಗೆ ಜರ್ಮನಿಯಲ್ಲಿ ಕೆಲಸ ಮಾಡಲು ವೃತ್ತಿ ಪರವಾನಗಿ ಬೇಕಿಲ್ಲ. ಅವರ ಪದವಿ ಜರ್ಮನ್ ಪದವಿಯ ಯಾವ ಮಟ್ಟಕ್ಕೆ ಸಮ ಎಂದು ವೀಸಾ ಅಧಿಕಾರಿಗೆ ತಿಳಿದರೆ ಸಾಕು. ಅದಕ್ಕಾಗಿ anabin ಎಂಬ ಸಾರ್ವಜನಿಕ ದತ್ತಾಂಶ ಸಂಗ್ರಹವಿದೆ; ಅಲ್ಲಿ ಉತ್ತರ ಸಿಗದಿದ್ದರೆ ವಿದೇಶಿ ಶಿಕ್ಷಣದ ಕೇಂದ್ರ ಕಚೇರಿಯಾದ ZAB ಒಂದು ಮೌಲ್ಯಮಾಪನ ಪತ್ರ ಕೊಡುತ್ತದೆ. ನರ್ಸ್, ವೈದ್ಯ, ಔಷಧ ವಿತರಕರಂಥವರ ಮಾತು ಬೇರೆ. ಅವರ ಕೈಯಲ್ಲಿ ರೋಗಿಯ ಪ್ರಾಣವಿರುವುದರಿಂದ ಪದವಿಯ ಮಟ್ಟ ತಿಳಿದರೆ ಸಾಲದು, ವೃತ್ತಿ ಮಾಡುವ ಅನುಮತಿಯೇ ಬೇಕು. ಈ ಎರಡನ್ನು ಒಂದೇ ಎಂದು ಭಾವಿಸಿ, ಪದವಿ ಮೌಲ್ಯಮಾಪನ ಪತ್ರಕ್ಕೆ ಹಣ ಕಟ್ಟಿ ತಿಂಗಳುಗಟ್ಟಲೆ ಕಾಯುವ ನರ್ಸ್‌ಗೆ ಕೊನೆಗೆ ಕೈಗೆ ಬರುವುದು ಉಪಯೋಗಕ್ಕೆ ಬಾರದ ಕಾಗದ.

ಹೋಲಿಕೆಗೆ ಅಳತೆಗೋಲು ಜರ್ಮನಿಯ ಮೂರು ವರ್ಷಗಳ ನರ್ಸ್ ಶಿಕ್ಷಣ. 2020ರ ಜನವರಿಯಿಂದ ಜಾರಿಯಲ್ಲಿರುವ ಕಾನೂನು ಮೊದಲು ಬೇರೆಬೇರೆಯಾಗಿದ್ದ ಆಸ್ಪತ್ರೆ ಆರೈಕೆ, ಮಕ್ಕಳ ಆರೈಕೆ, ವೃದ್ಧರ ಆರೈಕೆಯ ಶಿಕ್ಷಣಗಳನ್ನು ಒಂದೇ ಬುಡಕ್ಕೆ ತಂದಿತು. ಇದರಲ್ಲಿ ತರಗತಿ ಪಾಠ 2100 ಗಂಟೆ, ಪ್ರಾಯೋಗಿಕ ಕೆಲಸ 2500 ಗಂಟೆ. ಆ 2500 ಗಂಟೆ ಎಲ್ಲೆಲ್ಲಿ ಕಳೆಯಬೇಕು ಎಂಬುದೇ ಇಡೀ ವಿಷಯದ ಕೀಲಿ. ಆಸ್ಪತ್ರೆಯ ವಾರ್ಡ್, ವೃದ್ಧರು ಬಹುಕಾಲ ಉಳಿಯುವ ಆರೈಕೆ ಮನೆ, ರೋಗಿಯ ಮನೆಗೇ ಹೋಗಿ ನೋಡಿಕೊಳ್ಳುವ ಸೇವೆ, ಈ ಮೂರಕ್ಕೂ ತಲಾ 400 ಗಂಟೆ. ಮಕ್ಕಳ ವಿಭಾಗಕ್ಕೂ ಮನೋರೋಗ ವಿಭಾಗಕ್ಕೂ ತಲಾ 120. ಉಳಿದದ್ದು ಆರಂಭದ ಪರಿಚಯಕ್ಕೆ ಮತ್ತು ಆಯ್ದ ಕ್ಷೇತ್ರದಲ್ಲಿ ಕೈ ಪಳಗಿಸಿಕೊಳ್ಳಲು. ವೃದ್ಧರ ಆರೈಕೆ ಮತ್ತು ಮನೆ ಆರೈಕೆಗೆ ಆಸ್ಪತ್ರೆಯಷ್ಟೇ ತೂಕ ಇರುವುದನ್ನು ಗಮನಿಸಬೇಕು.

ನಮ್ಮ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ವಿಶ್ವವಿದ್ಯಾಲಯ ಪದವಿ. ವರ್ಷದ ಲೆಕ್ಕದಲ್ಲಿ ಅದು ಜರ್ಮನ್ ಶಿಕ್ಷಣಕ್ಕಿಂತ ಉದ್ದ. ಆದರೂ ಕೊರತೆ ತೋರಿಸುವ ತೀರ್ಪು ಬರುವುದು ಅಪರೂಪವಲ್ಲ. ಇದನ್ನು ಅವಮಾನವೆಂದು ಬಗೆಯುವವರುಂಟು. ಕಾರಣ ತಿಳಿದರೆ ಹಾಗನ್ನಿಸುವುದಿಲ್ಲ. ನಮ್ಮ ಪಠ್ಯದಲ್ಲಿ ಹೆರಿಗೆ, ಸಮುದಾಯ ಆರೋಗ್ಯ, ಶಸ್ತ್ರಚಿಕಿತ್ಸಾ ವಾರ್ಡ್‌ಗಳಿಗೆ ಹೆಚ್ಚು ಸಮಯ. ವಯಸ್ಸಾದವರನ್ನು ಮಗ ಸೊಸೆಯರೇ ನೋಡಿಕೊಳ್ಳುವುದು ರೂಢಿಯಾದ ನಾಡಿನಲ್ಲಿ ವೃದ್ಧರ ಆರೈಕೆ ಮನೆಯ ಪೋಸ್ಟಿಂಗ್ ದೊಡ್ಡದಾಗಿ ಬೆಳೆಯಲಿಲ್ಲ. ಕೆಲಸದ ಹಂಚಿಕೆಯೂ ಬೇರೆ. ಇಲ್ಲಿ ನರ್ಸ್ ರಕ್ತನಾಳಕ್ಕೆ ಸೂಜಿ ಹಾಕುತ್ತಾರೆ, ಡ್ರಿಪ್ ನಡೆಸುತ್ತಾರೆ. ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು ಆಯಾ ಅಥವಾ ಜೊತೆಗಿರುವ ಮನೆಯವರ ಪಾಲಿಗೆ ಬೀಳುತ್ತದೆ. ಜರ್ಮನಿಯಲ್ಲಿ ರೋಗಿಯ ಜೊತೆ ಯಾರೂ ಉಳಿಯುವುದಿಲ್ಲ. ಸ್ನಾನ, ಊಟ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ನರ್ಸ್‌ನ ಕೆಲಸ. ರಕ್ತನಾಳದ ಸೂಜಿ ಬಹುಪಾಲು ವೈದ್ಯರ ಹೊಣೆ, ಅವರು ವಹಿಸಿಕೊಟ್ಟರೆ ಮಾತ್ರ ನರ್ಸ್ ಮಾಡುತ್ತಾರೆ.

ಕಚೇರಿ ಕೇಳುವ ಕಾಗದಗಳಲ್ಲಿ ಪಾಸ್‌ಪೋರ್ಟ್, ಪದವಿ ಪತ್ರ, ಕೌನ್ಸಿಲ್ ನೋಂದಣಿ ಪತ್ರಗಳನ್ನು ಹೊಂದಿಸುವುದು ಕಷ್ಟವಲ್ಲ. ತೊಡಕು ಬರುವುದು ಅಂಕಪಟ್ಟಿಯಲ್ಲಿ. ಅಂಕಪಟ್ಟಿ ಎಷ್ಟು ಅಂಕ ಬಂತು ಎನ್ನುತ್ತದೆ. ಹೋಲಿಸುವ ಅಧಿಕಾರಿಗೆ ಬೇಕಾದದ್ದು ಎಷ್ಟು ಗಂಟೆ ಕಲಿತರು, ಯಾವ ವಿಭಾಗದಲ್ಲಿ ಎಷ್ಟು ಗಂಟೆ ಕೈಯಾರೆ ಕೆಲಸ ಮಾಡಿದರು ಎಂಬುದು. ಹಾಗಾಗಿ ಪಾಠ ಮತ್ತು ಪ್ರಾಯೋಗಿಕದ ಗಂಟೆಗಳನ್ನು ವಿಷಯವಾರು, ವಿಭಾಗವಾರು ಬರೆದ ಟ್ರಾನ್ಸ್‌ಕ್ರಿಪ್ಟ್ ಅನ್ನು ಕಾಲೇಜು ಅಥವಾ ವಿಶ್ವವಿದ್ಯಾಲಯದ ಮೊಹರು, ಸಹಿಯೊಂದಿಗೆ ಪಡೆಯಬೇಕು. ‘ಪ್ರಾಯೋಗಿಕ’ ಎಂಬ ಒಂದೇ ಸಾಲಿನಲ್ಲಿ ಎಲ್ಲ ಗಂಟೆಗಳನ್ನು ಕೂಡಿಸಿ ಬರೆದರೆ, ಮನೋರೋಗ ವಿಭಾಗದಲ್ಲಿ ಕಳೆದ ವಾರಗಳು ಅಲ್ಲಿ ಕಾಣುವುದೇ ಇಲ್ಲ. ಕಾಗದದಲ್ಲಿ ಕಾಣದ್ದು ಕಲಿತಿಲ್ಲ ಎಂದೇ ಲೆಕ್ಕ.

ಅನುಭವ ಪತ್ರಕ್ಕೂ ಇದೇ ಮಾತು. ಶಿಕ್ಷಣದಲ್ಲಿ ಕಂಡ ಕೊರತೆಯನ್ನು ಆಮೇಲಿನ ಕೆಲಸದ ಅನುಭವದಿಂದ ತುಂಬಿಕೊಳ್ಳಲು ಜರ್ಮನ್ ಕಾನೂನು ಅವಕಾಶ ಕೊಡುತ್ತದೆ, ಆದರೆ ಇಂಥ ದಿನದಿಂದ ಇಂಥ ದಿನದವರೆಗೆ ಸ್ಟಾಫ್ ನರ್ಸ್ ಆಗಿದ್ದರು, ನಡತೆ ಉತ್ತಮ ಎಂಬ ಎರಡು ಸಾಲಿನಿಂದ ಅದು ಆಗುವುದಿಲ್ಲ. ವಾರ್ಡ್ ಯಾವುದು, ವಾರಕ್ಕೆ ಎಷ್ಟು ಗಂಟೆ, ರೋಗಿಗಳು ಎಂಥವರು, ನರ್ಸ್ ಏನೇನು ಮಾಡುತ್ತಿದ್ದರು ಎಂಬುದನ್ನು ಪತ್ರ ಹೇಳಬೇಕು. ಆಸ್ಪತ್ರೆ ಬಿಡುವ ಮುಂಚೆಯೇ ಇದನ್ನು ಬರೆಸಿಕೊಳ್ಳುವುದು ಜಾಣತನ.

ಹೆಸರಿನ ಗೊಂದಲ ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ತಂದೆಯ ಹೆಸರು ಅಥವಾ ಊರ ಹೆಸರು, ಮದುವೆಯ ಬಳಿಕ ನೋಂದಣಿಯಲ್ಲಿ ಗಂಡನ ಹೆಸರು. ನಮಗೆ ಇದು ಒಬ್ಬರೇ ಎಂದು ತಟ್ಟನೆ ತಿಳಿಯುತ್ತದೆ, ಜರ್ಮನ್ ಗುಮಾಸ್ತರಿಗೆ ಮೂವರು ಬೇರೆಬೇರೆ ಜನ ಕಾಣುತ್ತಾರೆ. ವಿವಾಹ ಪ್ರಮಾಣಪತ್ರ, ಜೊತೆಗೆ ಎಲ್ಲ ಹೆಸರೂ ಒಬ್ಬರದ್ದೇ ಎಂಬ ಅಫಿಡವಿಟ್ ಮೊದಲೇ ಸೇರಿಸಿದರೆ ಪತ್ರ ವ್ಯವಹಾರ ಉಳಿಯುತ್ತದೆ. ಮೂಲ ಕಾಗದಗಳನ್ನು ಕಳಿಸಬಾರದು. ದೃಢೀಕರಿಸಿದ ಪ್ರತಿ ಮತ್ತು ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿದ ಅನುವಾದಕರ ಜರ್ಮನ್ ಅನುವಾದ ಕಳಿಸಬೇಕು.

ಅರ್ಜಿ ಹೋಗುವುದು ಇಡೀ ದೇಶದ ಒಂದೇ ಕಚೇರಿಗಲ್ಲ, ಕೆಲಸ ಸಿಗುವ ರಾಜ್ಯದ ಕಚೇರಿಗೆ. ಕಾಗದ ಪಟ್ಟಿಯೂ ಶುಲ್ಕವೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಸಿಗುವ ಅನುಮತಿ ಮಾತ್ರ ದೇಶದಾದ್ಯಂತ ನಡೆಯುತ್ತದೆ. ಯಾವ ಕಚೇರಿ ಎಂಬುದನ್ನು anerkennung-in-deutschland.de ತಾಣ ತೋರಿಸುತ್ತದೆ. ಹೊರದೇಶದಲ್ಲಿರುವವರಿಗೆ ಉಚಿತ ಸಲಹೆ ನೀಡಲು ಬಾನ್ ನಗರದಲ್ಲಿ ZSBA ಎಂಬ ಸರ್ಕಾರಿ ಸೇವಾ ಕೇಂದ್ರವಿದೆ. ಏಜೆಂಟರಿಗೆ ದುಡ್ಡು ಕೊಡುವ ಮುಂಚೆ ಅಲ್ಲಿಗೆ ಒಂದು ಇಮೇಲ್ ಬರೆಯುವುದು ಒಳ್ಳೆಯದು. ಕಾಗದಗಳು ಪೂರ್ಣವಾದ ಬಳಿಕ ಮೂರು ನಾಲ್ಕು ತಿಂಗಳಲ್ಲಿ ತೀರ್ಪು ಬರಬೇಕೆಂಬ ನಿಯಮವಿದೆ. ಒಂದು ಕಾಗದ ಬಾಕಿಯಿದ್ದರೂ ಆ ಅವಧಿ ಶುರುವಾಗುವುದಿಲ್ಲ. ಉದ್ಯೋಗದಾತ ಆಸ್ಪತ್ರೆ ಜರ್ಮನಿಯ ವಿದೇಶಿಯರ ಕಚೇರಿಯ ಮೂಲಕ 411 ಯೂರೋ ಕಟ್ಟಿ ತ್ವರಿತ ವಿಧಾನ ಹಿಡಿದರೆ ಈ ಅವಧಿ ಎರಡು ತಿಂಗಳಿಗೆ ಇಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ. ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಬೆಂಗಳೂರಿನ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮೂರು ವರ್ಷ ದುಡಿದ ಒಬ್ಬ ನರ್ಸ್ ಬವೇರಿಯಾದಲ್ಲಿ ಅರ್ಜಿ ಹಾಕಿದ್ದಾರೆ ಎನ್ನೋಣ. ಅವರ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಆಸ್ಪತ್ರೆ ವಾರ್ಡ್‌ಗಳ ಗಂಟೆ ಸಾವಿರ ದಾಟಿದೆ, ಬೇಕಿದ್ದದ್ದು 400. ಮಕ್ಕಳ ವಿಭಾಗ, ಮನೋರೋಗ ವಿಭಾಗಗಳಲ್ಲೂ 120ಕ್ಕಿಂತ ಹೆಚ್ಚಿದೆ. ವೃದ್ಧರ ಆರೈಕೆ ಮನೆಯ ಗಂಟೆ ಸೊನ್ನೆ. ಮನೆ ಆರೈಕೆ ಎಂದು ಬೇರೆ ಸಾಲಿಲ್ಲ, ಆದರೆ ಸಮುದಾಯ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಹಳ್ಳಿ ಮನೆಗಳಿಗೆ ಹೋಗಿದ್ದುಂಟು. ಅದನ್ನು ಕಾಲೇಜು ವಿವರಿಸಿ ಬರೆದರೆ ಅಧಿಕಾರಿ ಸ್ವಲ್ಪವಾದರೂ ಲೆಕ್ಕಕ್ಕೆ ಹಿಡಿಯಬಹುದು. ಆಸ್ಪತ್ರೆಯ ಹೆಚ್ಚುವರಿ ಗಂಟೆಗಳನ್ನು ತೆಗೆದು ವೃದ್ಧರ ಆರೈಕೆಯ ಸಾಲಿಗೆ ಹಾಕಲು ಬರುವುದಿಲ್ಲ. ಮೂರು ವರ್ಷದ ನಿಗಾ ಘಟಕದ ಅನುಭವವೂ ಮೊದಲೇ ತುಂಬಿದ್ದ ಪಾತ್ರೆಗೇ ನೀರು ಹೊಯ್ದಂತೆ. ಖಾಲಿಯಿದ್ದ ಪಾತ್ರೆ ಖಾಲಿಯೇ. ಇದೇ ನರ್ಸ್ ಅದರಲ್ಲಿ ಒಂದು ವರ್ಷವನ್ನು ವೃದ್ಧರ ಆರೈಕೆ ಕೇಂದ್ರದಲ್ಲಿ ಕಳೆದಿದ್ದರೆ ತೀರ್ಪು ಬೇರೆಯಾಗುವ ಸಾಧ್ಯತೆಯಿತ್ತು.

ಇವರಿಗೆ ಬರುವುದು ಯಾವ ವಿಷಯದಲ್ಲಿ ಏನು ಕೊರತೆ ಎಂದು ಬರೆದ ತೀರ್ಪು ಪತ್ರ. ಅದು ನಿರಾಕರಣೆಯಲ್ಲ. ಅದರ ಆಧಾರದ ಮೇಲೆಯೇ ಜರ್ಮನಿಗೆ ಹೋಗಿ ಕೊರತೆ ತುಂಬಿಕೊಳ್ಳುವ ವೀಸಾ ಸಿಗುತ್ತದೆ. ಮುಂದೆ ಎರಡು ದಾರಿ, ಆಯ್ಕೆ ಅರ್ಜಿದಾರರದ್ದು. ಮೊದಲನೆಯದು ಹೊಂದಾಣಿಕೆ ತರಬೇತಿ: ತೀರ್ಪಿನಲ್ಲಿ ಹೇಳಿದ ವಿಭಾಗಗಳಲ್ಲಿ ನಿಗದಿತ ಅವಧಿ ಕೆಲಸ ಮಾಡಿ ಕಲಿತು, ಕೊನೆಗೆ ಒಂದು ಸಂಭಾಷಣೆಯಲ್ಲಿ ಕಲಿತದ್ದನ್ನು ತೋರಿಸುವುದು. ಎರಡನೆಯದು ಜ್ಞಾನ ಪರೀಕ್ಷೆ. ಇದರಲ್ಲಿ 45ರಿಂದ 60 ನಿಮಿಷದ ಮೌಖಿಕ ಭಾಗವೂ ನಿಜವಾದ ರೋಗಿಗಳ ಆರೈಕೆ ಮಾಡಿ ತೋರಿಸುವ ಪ್ರಾಯೋಗಿಕ ಭಾಗವೂ ಇವೆ. ಅನುತ್ತೀರ್ಣವಾದರೆ ಮತ್ತೊಂದೇ ಅವಕಾಶ. ಕೊರತೆ ಒಂದೆರಡು ವಿಭಾಗಕ್ಕೆ ಸೀಮಿತವಾಗಿದ್ದರೆ ತರಬೇತಿ ಹಗುರ; ಪಟ್ಟಿ ಉದ್ದವಿದ್ದರೆ ಪರೀಕ್ಷೆ ಬೇಗ ಮುಗಿಯುತ್ತದೆ. ನಮ್ಮ ಉದಾಹರಣೆಯ ನರ್ಸ್‌ಗೆ ತರಬೇತಿಯೇ ಸರಿ: ವೃದ್ಧರ ಆರೈಕೆ ಮನೆಯಲ್ಲಿ ಕೆಲವು ತಿಂಗಳು ಕಳೆದರೆ ಕಾಣೆಯಾಗಿದ್ದ ಸಾಲು ತುಂಬುತ್ತದೆ, ಭಾಷೆಯೂ ಪಳಗುತ್ತದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಎಡವುವವರು ಔಷಧದ ಜ್ಞಾನ ಸಾಲದೆ ಎಡವುವುದಕ್ಕಿಂತ, ಆರೈಕೆಯ ಯೋಜನೆಯನ್ನು ಜರ್ಮನ್‌ನಲ್ಲಿ ಬರೆದು, ಏಕೆ ಹೀಗೆ ಮಾಡಿದೆ ಎಂದು ವಿವರಿಸಲಾಗದೆ ಎಡವುವ ಸಂಭವ ಹೆಚ್ಚು. 2024ರಿಂದ ಗಂಟೆಗಳ ಹೋಲಿಕೆಯನ್ನೇ ಬಿಟ್ಟು ನೇರವಾಗಿ ಪರೀಕ್ಷೆಗೆ ಅಥವಾ ತರಬೇತಿಗೆ ಹೋಗುವ ಆಯ್ಕೆಯೂ ಇದೆ. ಟ್ರಾನ್ಸ್‌ಕ್ರಿಪ್ಟ್ ಸಿಗದೆ ಪರದಾಡುವವರಿಗೆ ಇದು ದೊಡ್ಡ ಅನುಕೂಲ.

ತೀರ್ಪು ತಪ್ಪೆನಿಸಿದರೆ, ಸಲ್ಲಿಸಿದ ಅನುಭವ ಪತ್ರವನ್ನು ಗಮನಿಸಿಯೇ ಇಲ್ಲವೆನಿಸಿದರೆ, ಆಕ್ಷೇಪಿಸಲು ಸಾಮಾನ್ಯವಾಗಿ ಒಂದು ತಿಂಗಳ ಗಡುವು. ಎಲ್ಲಿಗೆ, ಹೇಗೆ ಎಂಬುದು ತೀರ್ಪು ಪತ್ರದ ಕೊನೆಯಲ್ಲೇ ಇರುತ್ತದೆ. ಶಿಕ್ಷಣ ಸಮವೆಂದು ಒಪ್ಪಿದ ಮೇಲೂ ಅನುಮತಿಗೆ ಮೂರು ಕಾಗದ ಬೇಕು: B2 ಮಟ್ಟದ ಜರ್ಮನ್ ಭಾಷೆಯ ಪ್ರಮಾಣಪತ್ರ, ವೈದ್ಯಕೀಯ ಯೋಗ್ಯತಾ ಪತ್ರ, ಪೊಲೀಸ್ ನಡತೆ ಪತ್ರ. ಕೊನೆಯ ಎರಡು ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು, ಆದ್ದರಿಂದ ಅವನ್ನು ಮೊದಲೇ ಮಾಡಿಸಿಟ್ಟರೆ ಎರಡನೇ ಸಲ ಮಾಡಿಸಬೇಕಾಗುತ್ತದೆ. ಈ ಮೂರೂ ತಲುಪಿದ ಬಳಿಕ ಅನುಮತಿ ಪತ್ರ ಬರುತ್ತದೆ. ಅಂದಿನಿಂದ ಆ ನರ್ಸ್ ‘ಫ್ಲೇಗೆಫಾಖ್‌ಫ್ರಾವ್’ ಎಂಬ ಕಾನೂನುಬದ್ಧ ಹೆಸರಿನಲ್ಲಿ, ಪೂರ್ಣ ಸಂಬಳಕ್ಕೆ ಕೆಲಸ ಮಾಡಬಹುದು.